ಬಾಗಿಲು ದಾಟುವ ಸೋಫಾ ಲಿಫ್ಟ್ ಹತ್ತೀತೇ?

ಪ್ರಶ್ನೆ: ಬಿಜೈಯಲ್ಲಿ ನಮ್ಮದು ನಾಲ್ಕನೇ ಮಹಡಿಯ ಫ್ಲ್ಯಾಟ್. ಚೌತಿಗೆ ಮೊದಲು ಮೂರು ಜನ ಕೂರುವ ಸೋಫಾ ಮತ್ತು ಮೂರು ಬಾಗಿಲಿನ ವಾರ್ಡ್‌ರೋಬ್ ಆನ್‌ಲೈನಲ್ಲಿ ತರಿಸಬೇಕೆಂದಿದ್ದೇವೆ. ಸೋಫಾ ಒಂದೇ ತುಂಡು: 213 ಸೆಂ.ಮೀ. ಉದ್ದ, 94 ಆಳ, 86 ಎತ್ತರ, ಅದರಲ್ಲಿ ಕಾಲು 12. ವಾರ್ಡ್‌ರೋಬ್ 210 ಎತ್ತರ, ಬಿಡಿಯಾಗಿ ಬರುತ್ತದಂತೆ. ಪ್ಲ್ಯಾನಿನಲ್ಲಿ ಬಾಗಿಲು ಮೂರು ಅಡಿ ಅಂತ ಉಂಟು. ಎದುರಿನ ಕಾರಿಡಾರ್ ನಾಲ್ಕಡಿ, ಲಿಫ್ಟ್ ಆರು ಜನರದ್ದು. ಉಡುಪಿಯಲ್ಲಿ ಅತ್ತೆಯ ಮನೆಗೆ ಬಂದ ಸೋಫಾ ಬಾಗಿಲಲ್ಲೇ ಸಿಕ್ಕಿಕೊಂಡು ವಾಪಸ್ ಹೋಯಿತು. ನಮ್ಮವರು ಮಾತ್ರ ‘ಮೂರಡಿ ಬಾಗಿಲಲ್ಲಿ ಯಾವ ಸೋಫಾವೂ ಹೋಗ್ತದೆ, ಹೋಗದಿದ್ರೆ ಹತ್ತು ದಿನದ ರಿಟರ್ನ್ ಉಂಟಲ್ಲ’ ಅಂತಾರೆ. ಅಷ್ಟು ಧೈರ್ಯ ಮಾಡಬಹುದಾ?

ಉತ್ತರ: ಮೊದಲು ಆ ಮೂರಡಿಯನ್ನು ಬಿಡಿಸಿ ನೋಡಿ. ಪ್ಲ್ಯಾನಿನಲ್ಲಿ ಬರೆಯುವ ಮೂರಡಿ ಸಾಮಾನ್ಯವಾಗಿ ದಾರಂದದ ಹೊರಮೈಯ ಅಳತೆ. 91 ಸೆಂ.ಮೀ.ಯಲ್ಲಿ ಎರಡೂ ಬದಿಯ ದಾರಂದದ ಮರವನ್ನು ಕಳೆದರೆ ಒಳಗೆ 80ರ ಆಸುಪಾಸು ಉಳಿಯುತ್ತದೆ. ಇನ್ನು ಬಾಗಿಲನ್ನು ತೆರೆದಾಗ ಅದು ಗಾಳಿಯಲ್ಲಿ ಮಾಯವಾಗುವುದಿಲ್ಲ. ಲಂಬಕೋನದಲ್ಲಿ ನಿಂತ ಹಲಗೆಯ ದಪ್ಪ ಸುಮಾರು 4 ಸೆಂ.ಮೀ. ದಾರಿಯೊಳಗೇ ಇರುತ್ತದೆ. ಉಳಿದದ್ದು 76. ಬಾಗಿಲು ಗೋಡೆಗೆ ಪೂರ್ತಿ ಒರಗುವಷ್ಟು ತೆರೆದರೆ ಈ 4 ಉಳಿಯುತ್ತದೆ, ಆದರೆ ಒಳಗೆ ಶೂ ಕಪಾಟೋ ಗೋಡೆಯ ಮೂಲೆಯೋ ಅಡ್ಡ ಬಂದು ಹೆಚ್ಚಿನ ಬಾಗಿಲುಗಳು ಅಲ್ಲಿಯ ತನಕ ಹೋಗುವುದಿಲ್ಲ. ಹೊರಗೆ ಗ್ರಿಲ್ ಬಾಗಿಲಿದ್ದರೆ ಅದನ್ನೂ ತೆರೆದಿಟ್ಟು ಅಳೆಯಿರಿ. ಮಡಚುವ ಕೊಲಾಪ್ಸಿಬಲ್ ಗೇಟ್ ಆದರೆ, ಮಡಚಿದ ಕಂತೆಯೇ ಒಂದು ಗೇಣು ಜಾಗ ನುಂಗುತ್ತದೆ.

ಅಗಲವನ್ನು ಮೂರು ಕಡೆ ಅಳೆಯಿರಿ: ಹೊಸ್ತಿಲಿನ ಹತ್ತಿರ, ಹಿಡಿಕೆ ಇರುವ ಎತ್ತರದಲ್ಲಿ, ಮೇಲೆ. ಮೂರರಲ್ಲಿ ಚಿಕ್ಕದೇ ನಿಮ್ಮ ಬಾಗಿಲಿನ ಅಗಲ. ಹೊಸ್ತಿಲಿನ ಮೇಲ್ಮೈಯಿಂದ ಮೇಲಿನ ದಾರಂದದ ಕೆಳ ಅಂಚಿಗೆ ಎತ್ತರವನ್ನೂ ಬರೆದುಕೊಳ್ಳಿ. ಏಳಡಿಯ ಬಾಗಿಲೆಂದರೂ ಸಿಗುವುದು 200ರಿಂದ 205 ಸೆಂ.ಮೀ. ನಿಮ್ಮದು 76 ಅಗಲ, 200 ಎತ್ತರ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡಿದ್ದೇನೆ. ನಿಮ್ಮ ಟೇಪಿನಲ್ಲಿ ಬೇರೆ ಬಂದರೆ ಆ ಅಂಕಿಯನ್ನೇ ಹಾಕಿಕೊಳ್ಳಿ.

ಈಗ ಸೋಫಾ. ಬಾಗಿಲಿನ ಅಗಲಕ್ಕೆ ಅದರ ಉದ್ದ ಮುಖ್ಯವಲ್ಲ. ಆಳ ಮತ್ತು ಎತ್ತರ, ಈ ಎರಡರಲ್ಲಿ ಯಾವುದು ಚಿಕ್ಕದೋ ಅದು ಮುಖ್ಯ. ನಿಮ್ಮದರಲ್ಲಿ 86 ಚಿಕ್ಕದು, 76ರ ಬಾಗಿಲಿಗೆ ಅದು ಹೋಗುವುದಿಲ್ಲ. ಕಾಲುಗಳು ತಿರುಪು ತೆಗೆಯುವಂಥವಾದರೆ 86 ಇದ್ದದ್ದು 74 ಆಗುತ್ತದೆ. ಕಾಲು ಚೌಕಟ್ಟಿಗೇ ಸೇರಿಕೊಂಡಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಹಾಗಾಗಿ ‘ಕಾಲು ಕಳಚಬಹುದೇ’ ಎಂಬುದು ಮಾರಾಟಗಾರರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ. 74ಕ್ಕೆ 76 ಎಂದರೆ ಎರಡು ಸೆಂ.ಮೀ. ಸಡಿಲ. ಕಾಗದದಲ್ಲಿ ಅದು ಸಾಕೆನಿಸುತ್ತದೆ, ಕೈಯಲ್ಲಿ ಸಾಲುವುದಿಲ್ಲ. ಸುತ್ತಿದ ಫೋಮ್ ಮತ್ತು ಪ್ಲಾಸ್ಟಿಕ್ಕೇ ಮೂರು ಸೆಂ.ಮೀ. ತಿನ್ನುತ್ತದೆ. ಆದ್ದರಿಂದ ಪ್ಯಾಕಿಂಗನ್ನು ಕಾರಿಡಾರಿನಲ್ಲೇ ಬಿಚ್ಚಬೇಕು, ಬಾಗಿಲಿನ ಹಲಗೆಯನ್ನು ತಿರುಗಣಿಯಿಂದ ಕಳಚಿ ಬದಿಗಿಡಬೇಕು. ಆಗ 80 ಸಿಗುತ್ತದೆ, ಆರು ಸೆಂ.ಮೀ. ಸಡಿಲ ಉಳಿಯುತ್ತದೆ. ತೇಗದ ಹಲಗೆ ಭಾರ, ಇಬ್ಬರು ಬೇಕು. ತಲುಪಿಸಲು ಬಂದವರು ಈ ಕೆಲಸ ಮಾಡುತ್ತಾರೆ ಎಂದುಕೊಳ್ಳಬೇಡಿ, ಪರಿಚಯದ ಬಡಗಿಗೆ ಹಿಂದಿನ ದಿನವೇ ಹೇಳಿಡಿ. ಸೋಫಾದ ಬೆನ್ನು ವಾಲಿಕೊಂಡಿರುವುದರಿಂದ ಓರೆಯಾಗಿ ಕೊಕ್ಕೆಯಂತೆ ತಿರುಗಿಸಿ ಒಳಗೆ ಹಾಕಿದರೆ ಇನ್ನೂ ಕೆಲವು ಸೆಂ.ಮೀ. ಉಳಿಯುವುದು ನಿಜ. ಆದರೆ ಅದು ಬೆನ್ನಿನ ವಾಲು, ತೋಳಿನ ಎತ್ತರದ ಮೇಲೆ ನಿಂತಿದೆ. ಜಾಲತಾಣದ ಫೋಟೋ ನೋಡಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟಾದರೂ ಕಾರಿಡಾರಿನ ಪ್ರಶ್ನೆ ಉಳಿದಿದೆ. 213 ಸೆಂ.ಮೀ. ಉದ್ದದ ಸೋಫಾವನ್ನು ಮಲಗಿಸಿಕೊಂಡು ನಾಲ್ಕಡಿ, ಅಂದರೆ 120 ಸೆಂ.ಮೀ. ಕಾರಿಡಾರಿನಿಂದ ಬಾಗಿಲಿಗೆ ತಿರುಗಿಸಲು ಸಾಧ್ಯವೇ ಇಲ್ಲ. ಎದುರು ಮನೆಯವರ ಬಾಗಿಲು ನಿಮ್ಮದಕ್ಕೆ ನೇರವಾಗಿದ್ದು, ಅವರು ಐದು ನಿಮಿಷ ತೆರೆದುಕೊಟ್ಟರೆ ಹಿಂಭಾಗವನ್ನು ಅವರ ಚಾವಡಿಗೆ ತೂರಿಸಿ ನೇರ ಮಾಡಬಹುದು. ಇದು ತಮಾಷೆಯಲ್ಲ, ಬಹಳ ಕಡೆ ಹೀಗೆಯೇ ಕೆಲಸ ಆಗುತ್ತದೆ. ಅದಿಲ್ಲವಾದರೆ ಸೋಫಾವನ್ನು ಒಂದು ತೋಳಿನ ಮೇಲೆ ಕಂಬದಂತೆ ನಿಲ್ಲಿಸಬೇಕು. ನಿಂತ ಸೋಫಾ 213, ಬಾಗಿಲು 200. ಸ್ವಲ್ಪ ವಾಲಿಸದೆ ಹೋಗದು. ಅತ್ತೆಯವರ ಮನೆಯಲ್ಲಿ ಸಿಕ್ಕಿಕೊಂಡದ್ದು ಬಹುಶಃ ಇಲ್ಲೇ. ಜನ ಸಹಜವಾಗಿ ತಲೆಯನ್ನು ಮುಂದಕ್ಕೆ ಬಾಗಿಸಿ ಒಳಗೆ ನುಗ್ಗಿಸುತ್ತಾರೆ. ಹಾಗೆ ಮಾಡಿದರೆ ಈ ಅಳತೆಯ ಸೋಫಾಕ್ಕೆ ಬಾಗಿಲ ಹೊರಗೆ 160 ಸೆಂ.ಮೀ.ಗಿಂತಲೂ ಹೆಚ್ಚು ಜಾಗ ಬೇಕಾಗುತ್ತದೆ, ಹಿಂದಿನ ಗೋಡೆ ತಾಗುತ್ತದೆ. ಬುಡವನ್ನು ಮೊದಲು ಒಳಕ್ಕೆ ಸರಿಸಿ, ತಲೆಯನ್ನು ಕಾರಿಡಾರಿನ ಕಡೆಗೇ ಹಿಂದಕ್ಕೆ ವಾಲಿಸಿದರೆ ಸುಮಾರು 100ರಲ್ಲೇ ಕೆಲಸ ಮುಗಿಯುತ್ತದೆ. ಬುಡ ಒಳಗೆ ಹೋದ ಹಾಗೆ ತಲೆ ತಾನಾಗಿ ದಾರಂದದ ಕೆಳಗೆ ಇಳಿಯುತ್ತದೆ. ವಾಲಿಸುವಾಗ ಮೇಲಿನ ಮೂಲೆ ನೆಲದಿಂದ 235ರ ತನಕ ಏರುತ್ತದೆ, ಕಾರಿಡಾರಿನ ತೂಗುದೀಪವೋ ಫಾಲ್ಸ್ ಸೀಲಿಂಗೋ ಅದಕ್ಕಿಂತ ಮೇಲಿದೆಯೇ ನೋಡಿಕೊಳ್ಳಿ.

ಅಂದರೆ ನಿಮ್ಮ ಬಾಗಿಲು ಕಷ್ಟಪಟ್ಟು ಪಾಸು. ನಾನು ಹೆದರುವುದು ಬಾಗಿಲಿಗಲ್ಲ, ಲಿಫ್ಟಿಗೆ. ಆರು ಜನರ ಲಿಫ್ಟಿನ ಒಳಗೆ ಸಾಮಾನ್ಯವಾಗಿ 110 ಅಗಲ, 100 ಆಳ ಇರುತ್ತದೆ, ಬಾಗಿಲು ತೆರೆಯುವುದು 70 ಮಾತ್ರ. ಕಾಲು ಕಳಚಿದ 74ರ ಸೋಫಾ ಅಲ್ಲೇ ನಿಂತಿತು. ಎಂಟು ಜನರ ಲಿಫ್ಟಾದರೆ ಬಾಗಿಲು 80 ಇರುತ್ತದೆ, ಆದರೂ ನಿಂತ ಸೋಫಾದ 213ಕ್ಕೆ ಒಳಗಿನ ಎತ್ತರ ಸಾಕೇ ಎಂಬುದು ಬೇರೆ ಪ್ರಶ್ನೆ. ಲಿಫ್ಟಿನ ಒಳ ಚಾವಣಿಯಲ್ಲಿ ಫ್ಯಾನು, ದೀಪದ ಚೌಕಟ್ಟು ಕೆಳಗೆ ಇಳಿದಿರುತ್ತವೆ, ಅಳೆಯುವಾಗ ಅಲ್ಲಿಗೆ ಟೇಪು ಹಿಡಿಯಿರಿ. ಸೋಫಾ ಲಿಫ್ಟ್ ಹತ್ತದಿದ್ದರೆ ಉಳಿದ ದಾರಿ ಮೆಟ್ಟಿಲು. ಮೆಟ್ಟಿಲಿನ ಅಗಲ ಕೈಗಂಬಿಯ ಒಳಗಿನಿಂದ 100 ಸೆಂ.ಮೀ. ಇದ್ದರೆ ಸೋಫಾ ಉದ್ದಕ್ಕೆ ಏರುತ್ತದೆ. ಅರ್ಧ ಮಹಡಿಯ ತಿರುವಿನಲ್ಲಿ ಮತ್ತೆ ನೆಟ್ಟಗೆ ನಿಲ್ಲಿಸಿ ತಿರುಗಿಸಬೇಕು. ಅಲ್ಲಿ ತಲೆಯ ಮೇಲೆ ಒಂದು ಮಹಡಿಯಷ್ಟು ಎತ್ತರ ಖಾಲಿ ಇರುವುದರಿಂದ ಸಾಮಾನ್ಯವಾಗಿ ತೊಂದರೆಯಾಗದು. ಕಷ್ಟ ಅಳತೆಯದ್ದಲ್ಲ. ನೆಲಮಹಡಿಯಿಂದ ನಾಲ್ಕಕ್ಕೆ ಇಂಥ ತಿರುವು ಏಳೆಂಟು ಸಲ ಬರುತ್ತದೆ, ಸೋಫಾದ ಬಟ್ಟೆ ಹರಿಯುವುದೂ ಗೋಡೆಯ ಬಣ್ಣ ಕೀಳುವುದೂ ಅಲ್ಲಿಯೇ.

ಹೊರುವವರು ಯಾರು? ‘ಮನೆಬಾಗಿಲಿಗೆ ಉಚಿತ ಡೆಲಿವರಿ’ ಎಂಬ ಸಾಲಿನ ಅರ್ಥ ಒಬ್ಬೊಬ್ಬರಲ್ಲಿ ಒಂದೊಂದು. ಕೆಲವರಿಗೆ ಅದು ಫ್ಲ್ಯಾಟಿನ ಬಾಗಿಲು, ಕೆಲವರಿಗೆ ಕಟ್ಟಡದ ಗೇಟು. ಲಿಫ್ಟಿಗೆ ಹಿಡಿಸದಿದ್ದರೆ ಎರಡನೇ ಮಹಡಿಯ ಮೇಲೆ ಹೊರುವುದಿಲ್ಲ, ಅಥವಾ ಮಹಡಿಗೆ ಇಷ್ಟು ಎಂದು ಹೆಚ್ಚುವರಿ ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆರ್ಡರ್ ಮಾಡುವ ಮೊದಲು ಅವರ ಚಾಟ್‌ನಲ್ಲಿ ಹೀಗೆ ಕೇಳಿ: ‘ನಾಲ್ಕನೇ ಮಹಡಿ, ಲಿಫ್ಟಿನ ಬಾಗಿಲು 70 ಸೆಂ.ಮೀ. ಸೋಫಾ ಲಿಫ್ಟಿಗೆ ಹಿಡಿಸದಿದ್ದರೆ ಮೆಟ್ಟಿಲಲ್ಲಿ ನೀವೇ ತರುತ್ತೀರಾ, ಎಷ್ಟು ಜನ ಬರುತ್ತಾರೆ, ಹೆಚ್ಚುವರಿ ಎಷ್ಟು?’ ಉತ್ತರದ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನಲ್ಲಿ ಹೇಳಿದ್ದು ಟೆಂಪೋದಲ್ಲಿ ಬರುವ ಇಬ್ಬರಿಗೆ ಗೊತ್ತಿರುವುದಿಲ್ಲ. ಜೊತೆಗೆ ನಿಮ್ಮ ಅಸೋಸಿಯೇಶನ್ನಿನ ನಿಯಮವನ್ನೂ ಕೇಳಿ. ಸಾಮಾನು ಸಾಗಿಸಲು ಸಮಯ ನಿಗದಿ ಮಾಡಿರುವ, ಲಿಫ್ಟಿನಲ್ಲಿ ಫರ್ನಿಚರ್ ಬೇಡವೆನ್ನುವ ಕಟ್ಟಡಗಳು ಮಂಗಳೂರಿನಲ್ಲಿ ಉಂಟು. ಸಂಜೆ ಏಳಕ್ಕೆ ಬಂದ ಗಾಡಿಯನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿದರೆ, ಮಳೆಯಲ್ಲಿ ಸೋಫಾ ರಸ್ತೆ ಬದಿಗೆ ಇಳಿಯುತ್ತದೆ.

ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಳ್ಳೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲ ಮಹಡಿಗೆ ಅದು ನಡೆದೀತು. ನಾಲ್ಕನೆಯದಕ್ಕೆ ನನ್ನ ಉತ್ತರ ಬೇಡ ಎಂದೇ. ಬಾಲ್ಕನಿಯ ಕಂಬಿ ಮನುಷ್ಯ ಒರಗಲು ಮಾಡಿದ್ದು, ಸೋಫಾ ಜಗ್ಗಲು ಅಲ್ಲ. ಗಾಳಿ ಬಂದರೆ ತೂಗುವ ಸೋಫಾ ಕೆಳಗಿನ ಮನೆಯ ಗಾಜಿಗೆ ಬಡಿಯುತ್ತದೆ. ನೀವು ಕರೆದ ಲೋಡಿಂಗ್‌ನವರು ಹಗ್ಗ ಹಿಡಿದ ಮೇಲೆ ಆದ ಹಾನಿಗೆ ಮಾರಾಟಗಾರ ಹೊಣೆ ಹೊರುವುದೂ ಇಲ್ಲ.

ನಿಮಗಿರುವ ದಾರಿಗಳಲ್ಲಿ ನನ್ನ ಆಯ್ಕೆ, ಬೆನ್ನು ಮತ್ತು ತೋಳು ಬೋಲ್ಟಿನಿಂದ ಬಿಚ್ಚಿ ಬರುವ ಸೋಫಾ. ಅದರಲ್ಲೂ ಒಂದು ಎಚ್ಚರ ಬೇಕು. ‘ಎರಡು ತುಂಡು’ ಎಂದರೆ ಸಾಲದು. ಉದ್ದವನ್ನು ನಡುವೆ ಕತ್ತರಿಸಿದ ಹಾಗೆ ಎರಡಾದರೆ ಪ್ರತಿ ತುಂಡಿನ ಆಳ, ಎತ್ತರ ಹಾಗೆಯೇ ಉಳಿಯುತ್ತದೆ, 74 ಪುನಃ 70ರ ಬಾಗಿಲಿಗೆ ತಾಗುತ್ತದೆ. ಬೆನ್ನೇ ಬೇರೆಯಾಗಬೇಕು. ಆಗ ಕೂರುವ ಭಾಗ ನಲವತ್ತು ಸೆಂ.ಮೀ. ದಪ್ಪದ ಹಲಗೆಯಂತಾಗುತ್ತದೆ. ಉದ್ದ 190ರ ಒಳಗಿದ್ದರೆ ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ನಿಮ್ಮ 200ರ ಬಾಗಿಲನ್ನು ವಾಲಿಸದೆಯೇ ದಾಟುತ್ತದೆ. ಇದರ ದೌರ್ಬಲ್ಯವೂ ಬೋಲ್ಟೇ. ಕೂತು ಎದ್ದು ಒಂದು ತಿಂಗಳಾಗುವಾಗ ಸಡಿಲವಾಗಿ ಕಿರುಗುಟ್ಟಲು ಸುರುವಾಗುತ್ತದೆ. ಜೊತೆಗೆ ಬಂದ ಅಲೆನ್ ಕೀಯನ್ನು ಬಿಸಾಡದೆ ಇಟ್ಟುಕೊಂಡು ಒಮ್ಮೆ ಬಿಗಿ ಮಾಡಿದರೆ ಸಾಕು. ನಿಮಗೆ ಆ 213ರ ಸೋಫಾವೇ ಬೇಕೆಂದಿದ್ದರೆ ಮೆಟ್ಟಿಲಿನ ಖರ್ಚು, ಬಾಗಿಲು ಕಳಚುವ ಬಡಗಿಯ ಕೂಲಿ ಎರಡನ್ನೂ ಬೆಲೆಗೆ ಸೇರಿಸಿ ನೋಡಿ. ಒಪ್ಪಿಗೆಯಾದರೆ ತರಿಸಿ, ತಪ್ಪೇನಿಲ್ಲ. ಆರ್ಡರ್ ಒತ್ತುವ ಮೊದಲು ಒಂದು ಪರೀಕ್ಷೆ ಮಾಡಿ: ಹಳೆಯ ರಟ್ಟಿನ ಡಬ್ಬಗಳನ್ನು ಟೇಪು ಹಚ್ಚಿ 94 ಮತ್ತು 74 ಅಳತೆಯ ಪೆಟ್ಟಿಗೆ ಮಾಡಿ, ಗೇಟಿನಿಂದ ಹಾಲಿನ ತನಕ ಹೊತ್ತು ತನ್ನಿ. ಎತ್ತರ ಒಂದು ಮೀಟರ್ ಇದ್ದರೆ ಸಾಕು. ಎಲ್ಲಿ ತಾಗುತ್ತದೆಯೋ ಅಲ್ಲಿ ಸೋಫಾವೂ ತಾಗುತ್ತದೆ.

ವಾರ್ಡ್‌ರೋಬಿನ ವಿಷಯ ಬೇರೆ. ಹಲಗೆಗಳಾಗಿ ಬರುವುದರಿಂದ ದಾರಿಯ ತೊಂದರೆ ಇಲ್ಲ, ಕೋಣೆಯೊಳಗೆ ತೊಂದರೆ. ಬಿಡಿಭಾಗದ ವಾರ್ಡ್‌ರೋಬುಗಳನ್ನು ಹೆಚ್ಚಾಗಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎಬ್ಬಿಸಿ ನಿಲ್ಲಿಸುತ್ತಾರೆ. ಏಳುವಾಗ ಅದರ ಓರೆಮೂಲೆ ಎತ್ತರಕ್ಕಿಂತ ಮೇಲೆ ಹೋಗುತ್ತದೆ. 210 ಎತ್ತರ, 60 ಆಳವಾದರೆ ಸುಮಾರು 219 ಬೇಕು. ನಮ್ಮ ಕಡೆಯ ಮಲಗುವ ಕೋಣೆಗಳಲ್ಲಿ ಏಳಡಿಗೆ, ಅಂದರೆ 213ಕ್ಕೆ ಕಾಂಕ್ರೀಟ್ ಲಾಫ್ಟ್ ಇರುವುದು ಮಾಮೂಲು. ಲಾಫ್ಟಿನ ಕೆಳಗೆ 210 ಕೂರುತ್ತದೆ, ಆದರೆ ಅಲ್ಲಿ ಎಬ್ಬಿಸಲು ಬರುವುದಿಲ್ಲ. ಹೊರಗೆ ಎಬ್ಬಿಸಿ ಒಳಕ್ಕೆ ತಳ್ಳಬೇಕು. ಅದಕ್ಕೆ ಮಂಚ ಸರಿಸಿ ಮುಂದೆ ಎರಡೂವರೆ ಮೀಟರ್ ನೆಲ ಖಾಲಿ ಮಾಡಿಕೊಡಬೇಕು, ಫ್ಯಾನಿನ ರೆಕ್ಕೆ ಅಡ್ಡವಿದ್ದರೆ ತಿರುಗಿಸಿಡಬೇಕು. ಜೋಡಿಸಲು ಬರುವವರು ಮಂಚ ಸರಿಸುವುದೂ ಇಲ್ಲ, ಎಷ್ಟೋ ಷರತ್ತುಗಳ ಪ್ರಕಾರ ಗೋಡೆಗೆ ರಂಧ್ರ ಕೊರೆಯುವುದೂ ಇಲ್ಲ. ಮಗು ಇರುವ ಮನೆಯಲ್ಲಿ ವಾರ್ಡ್‌ರೋಬ್ ಮುಂದಕ್ಕೆ ಉರುಳದಂತೆ ಗೋಡೆಗೆ ಪಟ್ಟಿ ಬಿಗಿಯಲೇಬೇಕು. ಆ ಕೆಲಸ ಜೋಡಣೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಜೋಡಿಸುವ ತಂಡ ಸಾಮಾನ್ಯವಾಗಿ ಬೇರೆ ದಿನ ಬರುತ್ತದೆ, ಪೆಟ್ಟಿಗೆಯನ್ನು ಅವರು ಬರುವ ತನಕ ತೆರೆಯಬೇಡಿ ಎಂದು ಬರೆದಿರುತ್ತಾರೆ. ಇತ್ತ ಹಾನಿಯ ದೂರು 24 ಅಥವಾ 48 ಗಂಟೆಯೊಳಗೆ ಬರಬೇಕೆಂಬ ಷರತ್ತೂ ಇರುತ್ತದೆ. ಎರಡರ ನಡುವೆ ಗ್ರಾಹಕ ಸಿಕ್ಕಿಕೊಳ್ಳುತ್ತಾನೆ. ‘ದೂರಿನ ಗಡುವು ಪೆಟ್ಟಿಗೆ ಬಂದ ದಿನದಿಂದಲೋ, ಜೋಡಿಸಿದ ದಿನದಿಂದಲೋ’ ಎಂದು ಆರ್ಡರಿಗೆ ಮೊದಲೇ ಬರಹದಲ್ಲಿ ಕೇಳಿಕೊಂಡರೆ ಈ ಜಗಳವೇ ಇಲ್ಲ.

ಇನ್ನು ಸಾಮಾನು ಕೈಗೆ ಬರುವ ಹೊತ್ತು. ಚೌತಿಗೆ ಮೊದಲು ಎಂದರೆ ಮಳೆ ಇನ್ನೂ ಇರುತ್ತದೆ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರುವ ಲಾರಿ ಗುಡ್ಡ ಕುಸಿದಲ್ಲಿ ದಿನಗಟ್ಟಲೆ ನಿಲ್ಲುವುದುಂಟು. ಹಬ್ಬದ ಮುನ್ನಾದಿನಕ್ಕೆ ದಿನ ಹಿಡಿಯಬೇಡಿ. ಈ ಕಾಲದಲ್ಲಿ ಮೊದಲು ನೋಡಬೇಕಾದದ್ದು ಗೀರು ಅಲ್ಲ, ಒದ್ದೆ. ವಾರ್ಡ್‌ರೋಬಿನ ರಟ್ಟಿನ ಪೆಟ್ಟಿಗೆಯ ತಳ ಮೆತ್ತಗಾಗಿದೆಯೇ, ಒಣಗಿದ ನೀರಿನ ಗೆರೆ ಇದೆಯೇ ನೋಡಿ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಅಂಚು ಊದುತ್ತದೆ, ಒಣಗಿದ ಮೇಲೂ ಇಳಿಯುವುದಿಲ್ಲ. ಅಂಚಿನ ಮೇಲೆ ಬೆರಳು ಎಳೆದರೆ ಉಬ್ಬು ತಿಳಿಯುತ್ತದೆ. ಸಂಶಯವಿದ್ದರೆ ಹಲಗೆಯ ದಪ್ಪವನ್ನು ನಡುವಿನಲ್ಲಿ ಮತ್ತು ಮೂಲೆಯಲ್ಲಿ ಅಳೆಯಿರಿ. 18 ಮಿ.ಮೀ. ಹಲಗೆ ಮೂಲೆಯಲ್ಲಿ 20 ತೋರಿದರೆ ಅದನ್ನು ಜೋಡಿಸಲು ಬಿಡಬೇಡಿ.

ಸೋಫಾಕ್ಕೆ ಕ್ರಮ ಹೀಗಿರಲಿ. ಬಿಚ್ಚುವ ಮೊದಲು ಸುತ್ತ ಆರೂ ಮಗ್ಗುಲಿನ ಮತ್ತು ಲೇಬಲಿನ ಫೋಟೋ ತೆಗೆಯಿರಿ, ಪೆಟ್ಟಿಗೆಗಳ ಸಂಖ್ಯೆ ಬಿಲ್ಲಿಗೆ ತಾಳೆಯಾಗುತ್ತದೆಯೇ ಎಣಿಸಿ. ಬಿಚ್ಚುವುದನ್ನು ಒಂದೇ ಉಸಿರಿನ ವಿಡಿಯೋ ಮಾಡಿ, ನಡುವೆ ನಿಲ್ಲಿಸಬೇಡಿ. ಮಗುಚಿ ಅಡಿಯ ತೆಳು ಬಟ್ಟೆ ಹರಿದಿದೆಯೇ, ಒದ್ದೆ ಇದೆಯೇ, ಬೂಸಲು ವಾಸನೆ ಇದೆಯೇ ನೋಡಿ. ಕಾಲು ತಿರುಗಿಸುವ ಕುಳಿಯ ಮರ ಸೀಳಿದ್ದರೆ ಇಲ್ಲೇ ಕಾಣುತ್ತದೆ. ಕಾಲು ಹಾಕಿದ ಮೇಲೆ ಮುಂದಿನ ಒಂದು ಮೂಲೆಯನ್ನು ಒಂದು ಗೇಣು ಎತ್ತಿ. ಚೌಕಟ್ಟು ಗಟ್ಟಿಯಿದ್ದರೆ ಅಷ್ಟರೊಳಗೆ ಇನ್ನೊಂದು ಮುಂಗಾಲೂ ನೆಲ ಬಿಟ್ಟಿರಬೇಕು. ಅದು ನೆಲಕ್ಕೇ ಅಂಟಿಕೊಂಡಿದ್ದು ಸೋಫಾ ತಿರುಚಿದರೆ, ಚೌಕಟ್ಟು ಸಡಿಲ ಅಥವಾ ದಾರಿಯಲ್ಲಿ ಬಿರುಕು ಬಿಟ್ಟಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ ಬೇಕು. ಒಟಿಪಿ ಹೇಳಿದ ಕ್ಷಣಕ್ಕೆ ಅವರ ಲೆಕ್ಕದಲ್ಲಿ ಸಾಮಾನು ಸರಿಯಾಗಿ ತಲುಪಿತು ಎಂದಾಗುತ್ತದೆ, ಆದ್ದರಿಂದ ಒಟಿಪಿ ಕೊನೆಗೆ. ಟೆಂಪೋದವರಿಗೆ ಇನ್ನೂ ನಾಲ್ಕು ಮನೆ ಇರುತ್ತದೆ, ಅವಸರ ಮಾಡುತ್ತಾರೆ. ಚಾ ಕೊಟ್ಟು ಕೂರಿಸಿ. ಕಾಯಲೇ ಇಲ್ಲವಾದರೆ ಸಹಿಯ ಪಕ್ಕದಲ್ಲಿ ‘ಬಿಚ್ಚಿ ನೋಡಲು ಬಿಡಲಿಲ್ಲ, ಹೊರ ಪ್ಯಾಕಿಂಗ್ ಬಲಮೂಲೆ ಹರಿದಿದೆ’ ಎಂದು ಕಂಡದ್ದನ್ನು ಬರೆದು, ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಚೌಕಟ್ಟು ಮುರಿದಿದ್ದರೆ, ಒದ್ದೆಯಿದ್ದರೆ ಇಳಿಸಿಕೊಳ್ಳಬೇಡಿ. ಹೊಲಿಗೆ ಬಿಟ್ಟದ್ದು, ಒಂದು ಕಾಲು ಕಡಿಮೆ ಬಂದದ್ದು ಇಂಥವಕ್ಕೆ ಟಿಪ್ಪಣಿ ಬರೆದು ಇಳಿಸಿಕೊಳ್ಳುವುದೇ ಲೇಸು. ನಾಲ್ಕು ಮಹಡಿ ಪುನಃ ಇಳಿಸಿ ಏರಿಸುವಾಗ ಹೊಸ ಗಾಯ ಖಂಡಿತ.

ಹತ್ತು ದಿನದ ರಿಟರ್ನ್ ಬಗ್ಗೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸಾಮಾನನ್ನು ಮಾರಾಟಗಾರ ಹಿಂದೆ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಆದರೆ ನಿಮ್ಮ ಬಾಗಿಲಿಗೆ ಹಿಡಿಸದಿರುವುದು ಸೋಫಾದ ದೋಷವಲ್ಲ. ಅಲ್ಲಿ ಅನ್ವಯವಾಗುವುದು ಆ ಅಂಗಡಿಯ ಸ್ವಂತ ಷರತ್ತು. ಅದರಲ್ಲಿ ‘ರಿಟರ್ನ್’ ಇದೆಯೋ ಬರೇ ‘ರಿಪ್ಲೇಸ್‌ಮೆಂಟ್’ ಇದೆಯೋ ಓದಿ, ಏಕೆಂದರೆ ಬದಲಿಯಾಗಿ ಬರುವ ಸೋಫಾವೂ ಅದೇ 213 ಇರುತ್ತದೆ. ಮೂಲ ಪ್ಯಾಕಿಂಗ್ ಬೇಕು, ಹಿಂದಕ್ಕೆ ಸಾಗಿಸುವ ಖರ್ಚು ನಿಮ್ಮದು ಎಂಬ ಸಾಲುಗಳನ್ನೂ ಹುಡುಕಿ. ಪುಟದಲ್ಲಿ ಕೊಟ್ಟ ಅಳತೆಯೇ ತಪ್ಪಾಗಿದ್ದು ಸೋಫಾ ಅದಕ್ಕಿಂತ ದೊಡ್ಡದು ಬಂದಿದ್ದರೆ ಮಾತ್ರ ವಿಷಯ ತಿರುಗುತ್ತದೆ, ಅದು ಹೇಳಿದಂತಿಲ್ಲದ ಸಾಮಾನು. ಅದಕ್ಕೇ ಆರ್ಡರಿನ ದಿನವೇ ಅಳತೆಯ ಪುಟದ ಸ್ಕ್ರೀನ್‌ಶಾಟ್ ಬೇಕು, ಇಳಿಸಿದ ದಿನ ಟೇಪು ಹಿಡಿದ ಫೋಟೋ ಬೇಕು. ದೂರನ್ನು ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದು ಅದೇ ನಿಯಮ ಹೇಳುತ್ತದೆ. ಅಲ್ಲಿ ಆಗದಿದ್ದರೆ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಯಾವ ಊರಿನದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ.